ಗೆರೆ ಏರಿದರೆ ರಸ್ತೆ ಏರಿದಂತಲ್ಲ: ದೂರ–ಕಾಲ ನಕ್ಷೆ ಓದುವುದು ಹೇಗೆ?

ಶಾಲೆಯ ಪೋಷಕರ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಬಂದಿದೆ ಎಂದುಕೊಳ್ಳಿ. ಚೌಕುಳಿ ಹಾಳೆಯ ಮೇಲೆ ಒಂದು ಗೆರೆ. ಮೊದಲು ಮೆಲ್ಲಗೆ ಮೇಲೇರುತ್ತದೆ, ಆಮೇಲೆ ಸ್ವಲ್ಪ ದೂರ ಮಟ್ಟಸವಾಗಿ ಸಾಗುತ್ತದೆ, ನಂತರ ಬಾಗಿ ಕಡಿದಾಗಿ ಮೇಲಕ್ಕೆ ಹೋಗುತ್ತದೆ, ಕೊನೆಗೆ ಮತ್ತೆ ಬಾಗಿ ಮಲಗುತ್ತದೆ. ಕೆಳಗೆ ಒಂದು ಪ್ರಶ್ನೆ: "ಈ ಹುಡುಗಿಯ ಪ್ರಯಾಣ ಹೇಗಿತ್ತು?" ಬರುವ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. "ಮೊದಲು ಸಣ್ಣ ಏರು, ಆಮೇಲೆ ಸಮತಟ್ಟಾದ ರಸ್ತೆ, ಆಮೇಲೆ ಒಂದು ತಿರುವು, ಅದಾದ ಮೇಲೆ ದೊಡ್ಡ ಗುಡ್ಡ."

ಈ ಉತ್ತರದ ಒಂದೊಂದು ಮಾತೂ ತಪ್ಪು. ಆದರೆ ಹೀಗೆ ಉತ್ತರಿಸುವವರು ದಡ್ಡರಲ್ಲ. ಗೆರೆಯನ್ನು ಚಿತ್ರದಂತೆ ನೋಡುವುದು ನಮ್ಮ ಕಣ್ಣಿನ ಅಭ್ಯಾಸ. ಅಮೆರಿಕದ ಭೌತವಿಜ್ಞಾನ ಶಿಕ್ಷಕ ರಾಬರ್ಟ್ ಬೈಕ್ನರ್ ಚಲನೆಯ ಗ್ರಾಫ್‌ಗಳನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ತಿಳಿಯಲು ಒಂದು ಪರೀಕ್ಷೆ ರೂಪಿಸಿ, 1994ರಲ್ಲಿ ಅದರ ಬಗ್ಗೆ ಬರೆದರು. ಅವರು ಗುರುತಿಸಿದ ತಪ್ಪುಗಳಲ್ಲಿ ಇದೂ ಒಂದು: ಗ್ರಾಫನ್ನು ನಡೆದ ಘಟನೆಯ ಫೋಟೊ ಎಂದು ತಿಳಿಯುವುದು. ಕನ್ನಡದಲ್ಲಿ ಓದುವ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ನಾವು ಗ್ರಾಫಿಗೂ 'ನಕ್ಷೆ' ಎನ್ನುತ್ತೇವೆ, ಊರಿನ ಮ್ಯಾಪಿಗೂ 'ನಕ್ಷೆ' ಎನ್ನುತ್ತೇವೆ. 'ದೂರ–ಕಾಲ ನಕ್ಷೆ' ಎಂದು ಕೇಳಿದ ಮಗು ಅದರಲ್ಲಿ ರಸ್ತೆ ಹುಡುಕಿದರೆ ಆಶ್ಚರ್ಯವಿಲ್ಲ. ಆ ಹಾಳೆಯಲ್ಲಿ ರಸ್ತೆ ಇಲ್ಲವೇ ಇಲ್ಲ.

ಹಾಗಾದರೆ ಏನಿದೆ? ಹಾಳೆಯ ಕೆಳಗೆ ಅಡ್ಡಲಾಗಿ ಎಳೆದ ಗೆರೆಯಲ್ಲಿ ಕಾಲ ಇದೆ. ಎಡಗಡೆ ನೆಟ್ಟಗೆ ನಿಂತ ಗೆರೆಯಲ್ಲಿ ದೂರ ಇದೆ. ನಕ್ಷೆಯ ಮೇಲಿನ ಪ್ರತಿ ಚುಕ್ಕೆ ಹೇಳುವುದು ಒಂದೇ ಸಂಗತಿ: ಇಷ್ಟು ಹೊತ್ತಿಗೆ ಇಷ್ಟು ದೂರ. ಎಡಕ್ಕೆ ತಿರುಗಿದಳೋ ಬಲಕ್ಕೋ, ದಾರಿಯಲ್ಲಿ ದಿಣ್ಣೆ ಇತ್ತೋ ಹಳ್ಳ ಇತ್ತೋ, ಇದಾವುದೂ ಅದರಲ್ಲಿ ದಾಖಲಾಗುವುದಿಲ್ಲ.

ಒಂದು ಬೆಳಗಿನ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯನ್ನು ಇಟ್ಟುಕೊಂಡು ಒಂದು ಉದಾಹರಣೆ ಮಾಡೋಣ. ಹುಡುಗಿಯ ಹೆಸರು ರೂಪಾ, ಏಳನೇ ತರಗತಿ. ಮನೆ ಊರ ಹೊರಗಿನ ಅಡಿಕೆ ತೋಟದಲ್ಲಿ, ಶಾಲೆ ಪಕ್ಕದ ಊರಿನಲ್ಲಿ. ಹುಡುಗಿಯೂ ಅಂಕಿಗಳೂ ಲೆಕ್ಕಕ್ಕಾಗಿ ಕಲ್ಪಿಸಿಕೊಂಡದ್ದು. ಮನೆಯಲ್ಲಿ ಗ್ರಾಫ್ ಹಾಳೆ ಇದ್ದರೆ ಓದುತ್ತಾ ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತಾ ಹೋಗಿ. ಅಡ್ಡಲಾಗಿ 1 ಸೆಂ.ಮೀ.ಗೆ 5 ನಿಮಿಷ, ಮೇಲಕ್ಕೆ 1 ಸೆಂ.ಮೀ.ಗೆ 1 ಕಿ.ಮೀ. ಎಂದು ಗುರುತಿಸಿಕೊಂಡರೆ ಸಾಕು.

ರೂಪಾ ಬೆಳಿಗ್ಗೆ 8:00ಕ್ಕೆ ಮನೆಯಿಂದ ಹೊರಡುತ್ತಾಳೆ. ಒಂದೇ ಸಮನಾಗಿ ನಡೆದು 8:15ಕ್ಕೆ ಬಸ್ ಸ್ಟಾಪ್ ತಲುಪುತ್ತಾಳೆ. ಅದು ಮನೆಯಿಂದ 1 ಕಿ.ಮೀ. 8:25ರವರೆಗೆ ಅಲ್ಲೇ ಬಸ್ಸಿಗೆ ಕಾಯುತ್ತಾಳೆ. ಬಸ್ಸು ಹೊರಟು, ಊರೊಳಗಿನ ಹಂಪು, ದನ, ಜನಗಳ ನಡುವೆ ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳುತ್ತಾ 8:27ಕ್ಕೆ 1.6 ಕಿ.ಮೀ. ಗುರುತಿಗೆ ಬರುತ್ತದೆ. ಅಲ್ಲಿಂದ 10 ನಿಮಿಷ ಒಂದೇ ವೇಗ, 8:37ಕ್ಕೆ 7.6 ಕಿ.ಮೀ. ಕೊನೆಯ 2 ನಿಮಿಷ ವೇಗ ತಗ್ಗಿಸುತ್ತಾ ಹೋಗಿ 8:39ಕ್ಕೆ ಶಾಲೆಯ ಮುಂದೆ ನಿಲ್ಲುತ್ತದೆ. ಆಗ ಮನೆಯಿಂದ ಬಂದ ದೂರ 8.2 ಕಿ.ಮೀ.

ಮೊದಲು ಸುಲಭದ ಭಾಗ ನೋಡೋಣ. 8:15ರಿಂದ 8:25ರವರೆಗೆ ಗೆರೆ ಮಟ್ಟಸವಾಗಿದೆ. 8:15ಕ್ಕೆ ದೂರ 1 ಕಿ.ಮೀ., 8:20ಕ್ಕೂ 1 ಕಿ.ಮೀ., 8:25ಕ್ಕೂ 1 ಕಿ.ಮೀ. ಗಡಿಯಾರ ಓಡುತ್ತಿದೆ, ದೂರ ಕದಲುತ್ತಿಲ್ಲ. ಅಂದರೆ ರೂಪಾ ನಿಂತಿದ್ದಾಳೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುತ್ತಿದ್ದಾಳೆ ಎಂದಲ್ಲ. ಹಾಗೆ ನಡೆದಿದ್ದರೆ ದೂರ ಹೆಚ್ಚುತ್ತಿತ್ತು, ಗೆರೆ ಏರುತ್ತಿತ್ತು. ಗೆರೆ ಇಲ್ಲಿ ಯಾಕೆ ನಿಂತುಹೋಗಲಿಲ್ಲ ಎಂದು ಕೆಲವು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಾವು ನಿಂತರೂ ಕಾಲ ನಿಲ್ಲುವುದಿಲ್ಲವಲ್ಲ, ಅದಕ್ಕೇ ಗೆರೆ ಬಲಕ್ಕೆ ಸರಿಯುತ್ತಲೇ ಇರುತ್ತದೆ.

ಈಗ ಏರುವ ಭಾಗಗಳು. ನಡೆಯುವಾಗ 15 ನಿಮಿಷದಲ್ಲಿ 1 ಕಿ.ಮೀ. ಗಂಟೆಗೆ ಲೆಕ್ಕ ಹಾಕಿದರೆ 4 ಕಿ.ಮೀ. ಬಸ್ಸು ಒಂದೇ ವೇಗದಲ್ಲಿ ಓಡಿದಾಗ 10 ನಿಮಿಷದಲ್ಲಿ 6 ಕಿ.ಮೀ., ಅಂದರೆ ಗಂಟೆಗೆ 36 ಕಿ.ಮೀ. ನಡಿಗೆಯ ಗೆರೆ ನೆಲಕ್ಕೆ ಹತ್ತಿರವಾಗಿ ಮಲಗಿದೆ, ಬಸ್ಸಿನ ಗೆರೆ ಗೋಡೆಗೆ ಒರಗಿಸಿದ ಏಣಿಯಂತೆ ಎದ್ದು ನಿಂತಿದೆ. ರಸ್ತೆ ಮಾತ್ರ ಎರಡೂ ಕಡೆ ಒಂದೇ ಮಟ್ಟದಲ್ಲಿ ಇದ್ದಿರಬಹುದು. ಬಸ್ಸಿನ ದಾರಿ ಇಳಿಜಾರಾಗಿದ್ದು, ಇಡೀ ಆರು ಕಿಲೋಮೀಟರ್ ಕೆಳಗಿಳಿದಿದ್ದರೂ ಗೆರೆ ಹೀಗೆಯೇ ಮೇಲೇರುತ್ತಿತ್ತು. ಗೆರೆ ಎಷ್ಟು ಕಡಿದಾಗಿದೆ ಎಂಬುದು ವೇಗವನ್ನು ತೋರಿಸುತ್ತದೆ, ಅಷ್ಟೇ. (ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಜವ' ಎಂಬ ಪದವಿದೆ. ಇಲ್ಲಿ ಮನೆಮಾತಿನಂತೆ ವೇಗ ಎಂದೇ ಬರೆಯುತ್ತಿದ್ದೇನೆ.) ಗೆರೆಯ ಓರೆಗೆ ಕೆಲವು ಕನ್ನಡ ಪುಸ್ತಕಗಳು 'ಇಳಿಜಾರು' ಎಂದೇ ಹೆಸರಿಟ್ಟಿವೆ. ಮೇಲೇರುವ ಗೆರೆಗೆ ಇಳಿಜಾರು ಎಂದರೆ ಮಕ್ಕಳು ಗಲಿಬಿಲಿಯಾಗದೆ ಇನ್ನೇನು ಮಾಡಬೇಕು!

ಬಾಗಿದ ಭಾಗಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು

8:25ರಿಂದ 8:27ರವರೆಗಿನ ಗೆರೆ ನೇರವಾಗಿಲ್ಲ. ಬಾಗಿದ್ದನ್ನು ಕಂಡ ಕೂಡಲೇ "ಬಸ್ಸು ತಿರುವಿನಲ್ಲಿ ತಿರುಗಿತು" ಎನ್ನಿಸುತ್ತದೆ. ಅದು ತಿರುವಲ್ಲ, ವೇಗ ಬದಲಾಗುತ್ತಿರುವ ಗುರುತು. ಪರೀಕ್ಷಿಸುವ ಬಗೆ ಸರಳ. ಆ ಎರಡು ನಿಮಿಷವನ್ನು ಒಂದೊಂದು ನಿಮಿಷದ ಎರಡು ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಗೆರೆ ಎಷ್ಟು ಎತ್ತರ ಏರಿತು ಎಂದು ಅಳೆಯಿರಿ. ನಮ್ಮ ಬಸ್ಸು ನಿಂತಲ್ಲಿಂದ ಹೊರಟು ಸಮನಾಗಿ ವೇಗ ಹೆಚ್ಚಿಸಿಕೊಂಡಿದ್ದರೆ ಮೊದಲ ನಿಮಿಷದಲ್ಲಿ 150 ಮೀಟರ್, ಎರಡನೇ ನಿಮಿಷದಲ್ಲಿ 450 ಮೀಟರ್ ಸಾಗಿರುತ್ತದೆ. ಎರಡೂ ಸೇರಿ 600 ಮೀಟರ್. ಕಾಲದ ತುಂಡು ಒಂದೇ ಅಳತೆಯದು, ಆದರೆ ದೂರದ ಮೆಟ್ಟಿಲು ದೊಡ್ಡದಾಗುತ್ತಿದೆ. ಆದ್ದರಿಂದ ಗೆರೆ ಮೊದಲು ಮಲಗಿದ್ದು ಬರಬರುತ್ತಾ ಎದ್ದು ನಿಲ್ಲುತ್ತದೆ.

ಕೊನೆಯ ಎರಡು ನಿಮಿಷದಲ್ಲಿ ಇದು ತಿರುಗುಮುರುಗಾಗುತ್ತದೆ. 8:37ರಿಂದ 8:38ರೊಳಗೆ 450 ಮೀಟರ್, 8:38ರಿಂದ 8:39ರೊಳಗೆ 150 ಮೀಟರ್. ಗೆರೆ ಏರುತ್ತಲೇ ಇದೆ, ಆದರೆ ಏರುವ ಬಿರುಸು ಕಡಿಮೆಯಾಗುತ್ತಾ ಕೊನೆಗೆ ಮಲಗಿಬಿಡುತ್ತದೆ.

ದೊಡ್ಡವರೂ ಎಡವುವುದು ಇಲ್ಲೇ. "ಗೆರೆ ಇನ್ನೂ ಮೇಲಕ್ಕೆ ಹೋಗುತ್ತಿದೆಯಲ್ಲ, ಹಾಗಾದರೆ ವೇಗ ಹೆಚ್ಚುತ್ತಿದೆ" ಎಂದು ಹೇಳಿಬಿಡುತ್ತಾರೆ. ಹೆಚ್ಚುತ್ತಿರುವುದು ದೂರ. ವೇಗ ಕಡಿಮೆಯಾಗುತ್ತಿದೆ. 8:38ರ ಹೊತ್ತಿಗೆ ಗೆರೆ ಹಾಳೆಯಲ್ಲಿ ಹೆಚ್ಚುಕಡಿಮೆ ಎಲ್ಲಕ್ಕಿಂತ ಎತ್ತರದಲ್ಲಿದೆ, ಆದರೆ ಬಸ್ಸು 8:30ಕ್ಕೆ ಇದ್ದ ವೇಗದ ಅರ್ಧಕ್ಕೆ ಇಳಿದಿದೆ. ಚುಕ್ಕೆ ಎಷ್ಟು ಎತ್ತರದಲ್ಲಿದೆ ಎಂಬುದು ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಸುತ್ತದೆ. ಆ ಚುಕ್ಕೆಯ ಬಳಿ ಗೆರೆ ಎಷ್ಟು ಓರೆಯಾಗಿದೆ ಎಂಬುದು ಎಷ್ಟು ವೇಗವಾಗಿ ಹೋಗುತ್ತಿದ್ದೇವೆ ಎಂದು ತಿಳಿಸುತ್ತದೆ. ಬಾಗಿದ ಗೆರೆಯ ಮೇಲೆ ಒಂದು ಸ್ಕೇಲನ್ನು ಗೆರೆಗೆ ತಾಗುವಂತೆ ಇಟ್ಟು ಮೆಲ್ಲಗೆ ಬಲಕ್ಕೆ ಜರುಗಿಸಿದರೆ, ಸ್ಕೇಲು ಎದ್ದು ನಿಲ್ಲುತ್ತಿದೆಯೋ ಮಲಗುತ್ತಿದೆಯೋ ಕಣ್ಣಿಗೇ ಕಾಣುತ್ತದೆ. ಎದ್ದರೆ ವೇಗ ಹೆಚ್ಚುತ್ತಿದೆ, ಮಲಗಿದರೆ ತಗ್ಗುತ್ತಿದೆ.

ಈ ನಕ್ಷೆಯಿಂದ ಸರಾಸರಿ ವೇಗವನ್ನೂ ತೆಗೆಯಬಹುದು. 39 ನಿಮಿಷದಲ್ಲಿ 8.2 ಕಿ.ಮೀ., ಅಂದರೆ ಗಂಟೆಗೆ ಸುಮಾರು 12.6 ಕಿ.ಮೀ. ಲೆಕ್ಕ ಸರಿ. ಆದರೆ ರೂಪಾ ನಡೆದದ್ದು 4ರ ವೇಗದಲ್ಲಿ, ಕಾಯುವಾಗ ಸೊನ್ನೆ, ಬಸ್ಸಿನಲ್ಲಿ ಹೆಚ್ಚಿನ ಹೊತ್ತು 36. ಬಸ್ಸು ವೇಗ ಏರಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ 12.6ನ್ನು ಹಾದುಹೋಯಿತು ಎಂಬುದನ್ನು ಬಿಟ್ಟರೆ, ಆ ಬೆಳಿಗ್ಗೆ ಆಕೆ ಆ ವೇಗದಲ್ಲಿ ಹೋದದ್ದೇ ಇಲ್ಲ.

ಗೆರೆ ಕೆಳಗಿಳಿದರೆ?

ರೂಪಾ ಇನ್ನೊಂದು ದಿನ 8:00ಕ್ಕೆ ಹೊರಟು, 8:09ಕ್ಕೆ 600 ಮೀಟರ್ ಹೋದ ಮೇಲೆ ಊಟದ ಡಬ್ಬಿ ಮರೆತದ್ದು ನೆನಪಾಗಿ, ಓಡಿಕೊಂಡು 8:15ಕ್ಕೆ ಮನೆಗೆ ಮರಳಿದಳು ಎಂದುಕೊಳ್ಳೋಣ. ನಕ್ಷೆಯ ಎಡಗಡೆ 'ಮನೆಯಿಂದ ದೂರ' ಎಂದು ಬರೆದಿದ್ದರೆ ಗೆರೆ 600ರವರೆಗೆ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಮರಳುವಾಗ ಓಡಿದ್ದರಿಂದ ಇಳಿಯುವ ಭಾಗ ಹೆಚ್ಚು ಕಡಿದಾಗಿರುತ್ತದೆ. ಇಳಿಕೆ ಎಂದರೆ ವೇಗ ಕಡಿಮೆಯಾಯಿತು ಎಂದಲ್ಲ, ವಾಪಸ್ ಬರುತ್ತಿದ್ದಾಳೆ ಎಂದರ್ಥ. ಎಡಗಡೆ 'ಒಟ್ಟು ಸಾಗಿದ ದೂರ' ಎಂದಿದ್ದರೆ ಗೆರೆ ಇಳಿಯುವುದೇ ಇಲ್ಲ, 1200 ಮೀಟರ್‌ವರೆಗೆ ಏರುತ್ತಲೇ ಹೋಗುತ್ತದೆ. ಬೈಕಿನ ಮೀಟರ್‌ನಲ್ಲಿ ಓಡಿದ ಕಿಲೋಮೀಟರ್ ತೋರಿಸುವ ಅಂಕಿ ಮನೆಗೆ ವಾಪಸಾದ ಮಾತ್ರಕ್ಕೆ ಹಿಂದಕ್ಕೆ ತಿರುಗುವುದಿಲ್ಲವಲ್ಲ, ಹಾಗೆ.

ಆದ್ದರಿಂದ ಎಡಗಡೆ ಬರೆದದ್ದು ಯಾವ ದೂರ ಎಂದು ಓದದೆ ಮುಂದೆ ಹೋಗಬಾರದು. ಮಟ್ಟಸ ಗೆರೆ ಎಂದರೆ ನಿಂತಿದ್ದಾರೆ ಎಂಬ ಮಾತಿಗೂ ಇಲ್ಲಿ ಒಂದು ಅಪವಾದ ಇದೆ. ಹಿಂದೆ ಗಾಣಕ್ಕೆ ಎತ್ತು ಕಟ್ಟಿ ತಿರುಗಿಸುತ್ತಿದ್ದರು. ಆ ಎತ್ತು ಗಾಣದ ಕಂಬದಿಂದ ಎಷ್ಟು ದೂರ ಇದೆ ಎಂದು ನಕ್ಷೆ ಬರೆದರೆ ದಿನವಿಡೀ ಮಟ್ಟಸ ಗೆರೆಯೇ ಬರುತ್ತದೆ. ಪಾಪ, ಎತ್ತು ಮಾತ್ರ ಒಂದು ಗಳಿಗೆಯೂ ನಿಂತಿರುವುದಿಲ್ಲ.

ಇಳಿಯುವ ಗೆರೆಗಳು ನಿಜವಾದ ಕೆಲಸದಲ್ಲಿ ಬಳಕೆಯಾಗುವುದನ್ನು ನೋಡಬೇಕಾದರೆ ರೈಲ್ವೆ ನಿಯಂತ್ರಣ ಕಚೇರಿಗೆ ಹೋಗಬೇಕು. ಕತ್ತಲಗೆರೆ ಇರುವ ಜಿಲ್ಲೆಯಲ್ಲೇ ದಾವಣಗೆರೆ, ಹರಿಹರಗಳ ಮೂಲಕ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಹಾದುಹೋಗುತ್ತದೆ. ಭಾರತೀಯ ರೈಲ್ವೆಯಲ್ಲಿ ಒಂದು ಭಾಗದ ರೈಲುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರ್‌ಗಳು ಬಹುಕಾಲ ದೊಡ್ಡ ಕಾಗದದ ಮೇಲೆ ಕೈಯಿಂದಲೇ ದೂರ–ಕಾಲ ನಕ್ಷೆ ಬರೆಯುತ್ತಿದ್ದರು. ಈಗ ಅದನ್ನು ಕಂಪ್ಯೂಟರ್ ಪರದೆ ಬರೆಯುತ್ತದೆ. ಅಡ್ಡಲಾಗಿ ಗಂಟೆಗಳು, ನೆಟ್ಟಗೆ ಒಂದರ ಮೇಲೊಂದು ನಿಲ್ದಾಣಗಳು. ಒಂದು ದಿಕ್ಕಿಗೆ ಹೋಗುವ ರೈಲಿನ ಗೆರೆ ಏರುತ್ತದೆ, ಎದುರು ದಿಕ್ಕಿನದು ಇಳಿಯುತ್ತದೆ, ನಿಲ್ದಾಣದಲ್ಲಿ ನಿಂತಷ್ಟು ಹೊತ್ತು ಮಟ್ಟಸವಾಗುತ್ತದೆ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಎರಡು ರೈಲುಗಳು ಒಂದೇ ಹೊತ್ತಿಗೆ ಒಂದೇ ಕಡೆ ಇರುತ್ತವೆ. ಒಂಟಿ ಹಳಿಯ ಮಾರ್ಗದಲ್ಲಿ ಈ ಕತ್ತರಿ ನಿಲ್ದಾಣದ ಗೆರೆಯ ಮೇಲೆಯೇ ಬೀಳಬೇಕು, ಯಾಕೆಂದರೆ ಪಕ್ಕಕ್ಕೆ ಸರಿದು ದಾರಿ ಬಿಡಲು ಇನ್ನೊಂದು ಹಳಿ ಇರುವುದು ಅಲ್ಲಿ ಮಾತ್ರ. ಎರಡು ನಿಲ್ದಾಣಗಳ ನಡುವೆ ಬಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಒಬ್ಬ ಕಂಟ್ರೋಲರ್ ಯಾವ ರೈಲನ್ನು ಎಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕೆಂದು ತೀರ್ಮಾನಿಸುವುದು ಈ ಗೆರೆಗಳನ್ನು ಮುಂದಕ್ಕೆ ಎಳೆದು ನೋಡಿ.

ಫಾರ್ವರ್ಡ್ ಮಾಡುವ ಮುನ್ನ ಅಂಕಿ ನೋಡಿ

ಕಡಿದಾದ ಗೆರೆ ಎಂದರೆ ಹೆಚ್ಚು ವೇಗ ಎಂದೆವು. ಒಂದೇ ಹಾಳೆಯ ಮೇಲಿನ ಗೆರೆಗಳಿಗೆ ಮಾತ್ರ ಈ ಮಾತು ನಿಜ. ಮೇಲಿನ ನಕ್ಷೆಯಲ್ಲಿ ಬಸ್ಸಿನ ಗೆರೆ ಅಡ್ಡಲಾಗಿ 1 ಸೆಂ.ಮೀ. ಸಾಗುವಷ್ಟರಲ್ಲಿ 3 ಸೆಂ.ಮೀ. ಏರುತ್ತದೆ, ನಡಿಗೆಯ ಗೆರೆ ಸುಮಾರು 0.33 ಸೆಂ.ಮೀ. ಈಗ ಅದೇ ಬಸ್ಸನ್ನು ಬೇರೊಂದು ಹಾಳೆಯಲ್ಲಿ, ಮೇಲಕ್ಕೆ 1 ಸೆಂ.ಮೀ.ಗೆ 10 ಕಿ.ಮೀ. ಎಂದು ಗುರುತಿಸಿ ಬರೆಯಿರಿ. ಗೆರೆ ಏರುವುದು ಬರೀ 0.3 ಸೆಂ.ಮೀ. ಗಂಟೆಗೆ 36 ಕಿ.ಮೀ. ಓಡುವ ಬಸ್ಸಿನ ಗೆರೆ ನಡೆಯುವ ಹುಡುಗಿಯ ಗೆರೆಗಿಂತ ಹೆಚ್ಚು ಮಲಗಿಬಿಟ್ಟಿತು! ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು "ನೋಡಿ ಯಾರು ವೇಗ" ಎನ್ನುವ ಪೋಸ್ಟ್ ಬಂದರೆ ಮೊದಲು ಎರಡರ ಅಂಚಿನ ಅಂಕಿಗಳನ್ನು ದೊಡ್ಡದು ಮಾಡಿ ಓದಿ. ಅಂಚು ಕತ್ತರಿಸಿದ ಸ್ಕ್ರೀನ್‌ಶಾಟ್ ಆಗಿದ್ದರೆ ಅದರಿಂದ ವೇಗ ಹೇಳಲು ಸಾಧ್ಯವೇ ಇಲ್ಲ.

ಎಷ್ಟು ಹೊತ್ತಿಗೊಮ್ಮೆ ಅಳೆದರು ಎಂಬುದೂ ಮುಖ್ಯ. ರೂಪಾಳ ಪ್ರಯಾಣವನ್ನು 20 ನಿಮಿಷಕ್ಕೊಮ್ಮೆ ಮಾತ್ರ ಗುರುತಿಸಿದ್ದರೆ ನಮ್ಮ ಬಳಿ ಮೂರೇ ಚುಕ್ಕೆ ಇರುತ್ತಿದ್ದವು. 8:00ಕ್ಕೆ ಸೊನ್ನೆ, 8:20ಕ್ಕೆ 1 ಕಿ.ಮೀ., 8:40ಕ್ಕೆ 8.2 ಕಿ.ಮೀ. ಅವನ್ನು ನೇರ ಗೆರೆಯಲ್ಲಿ ಜೋಡಿಸಿದರೆ ಹತ್ತು ನಿಮಿಷ ಕಾದದ್ದು ಮಾಯ. ಬಸ್ಸಿನ 36ರ ವೇಗವೂ ಮಾಯ, ಅದರ ಜಾಗದಲ್ಲಿ 21.6 ಕಾಣುತ್ತದೆ. ಚುಕ್ಕೆಗಳ ನಡುವಿನ ಗೆರೆ ಅಳತೆಯಲ್ಲ, ನಾವು ಎಳೆದ ಊಹೆ. ಪಠ್ಯಪುಸ್ತಕಗಳ ನಕ್ಷೆಗಳಲ್ಲಿ ಗೆರೆ ಚೂಪಾದ ಮೂಲೆಯಲ್ಲಿ ಮುರಿಯುವುದೂ ಇಂಥದೇ ಸರಳೀಕರಣ. ಓಡುವ ಬಸ್ಸು ಕಣ್ಣು ಮಿಟುಕಿಸುವುದರೊಳಗೆ ನಿಲ್ಲಲಾರದು, ಆದ್ದರಿಂದ ನಿಜದ ಗೆರೆಯಲ್ಲಿ ಆ ಮೂಲೆ ದುಂಡಗಿರುತ್ತದೆ.

ಈಗ ಪೋಷಕರ ಗ್ರೂಪಿಗೆ ಇನ್ನೊಂದು ಚಿತ್ರ ಬಂದಿದೆ ಎನ್ನಿ. ಶಾಲಾ ವ್ಯಾನಿನ ಜಿಪಿಎಸ್ ನಕ್ಷೆ. ಒಂದು ಕಡೆ ಗೆರೆ 6 ನಿಮಿಷ ಮಟ್ಟಸವಾಗಿದೆ, ಕೂಡಲೇ ಕಂಬ ನೆಟ್ಟಂತೆ 4 ಕಿ.ಮೀ. ಮೇಲಕ್ಕೆ ಹೋಗಿದೆ. ಜೊತೆಗೊಂದು ಸಾಲು: "ಡ್ರೈವರ್ ಆರು ನಿಮಿಷ ಹರಟೆ ಹೊಡೆದು, ಆಮೇಲೆ ಮಕ್ಕಳ ಜೀವದ ಜೊತೆ ಆಟ ಆಡಿದ್ದಾನೆ." ನಂಬುವುದಕ್ಕೆ ಮುಂಚೆ ಕಂಬದಂಥ ಆ ಭಾಗವನ್ನು ಲೆಕ್ಕಕ್ಕೆ ಹಚ್ಚಿ. ಅಂಚಿನ ಅಂಕಿಗಳ ಪ್ರಕಾರ ಆ 4 ಕಿ.ಮೀ.ಗೆ ಹಿಡಿದದ್ದು 10 ಸೆಕೆಂಡು ಎಂದಿಟ್ಟುಕೊಂಡರೆ ವೇಗ ಗಂಟೆಗೆ 1440 ಕಿ.ಮೀ. ಶಬ್ದದ ವೇಗವೇ ಗಂಟೆಗೆ ಸುಮಾರು 1235 ಕಿ.ಮೀ. ಯಾವ ವ್ಯಾನೂ ಹಾಗೆ ಓಡದು. ಪೂರ್ತಿ ನೆಟ್ಟಗಾದ ಗೆರೆ ಎಂದರೆ ಇನ್ನೂ ಅಸಾಧ್ಯ: ಒಂದೇ ಗಳಿಗೆಯಲ್ಲಿ ಎರಡು ಕಡೆ ಇದ್ದಂತೆ.

ಇಂಥ ಗೆರೆ ಬರುವುದು ಸಾಮಾನ್ಯವಾಗಿ ಜಿಪಿಎಸ್ ಸಿಗ್ನಲ್ ತಪ್ಪಿದಾಗ. ಸಾಧನ ಕೊನೆಯದಾಗಿ ತಿಳಿದ ಜಾಗವನ್ನೇ ತೋರಿಸುತ್ತಾ ಇರುತ್ತದೆ, ಗೆರೆ ಮಟ್ಟಸವಾಗುತ್ತದೆ. ವ್ಯಾನು ಮಾತ್ರ ಓಡುತ್ತಲೇ ಇರುತ್ತದೆ. ಸಿಗ್ನಲ್ ಮರಳಿದಾಗ ಸಾಧನ ಹೊಸ ಜಾಗಕ್ಕೆ ಒಮ್ಮೆಲೇ ನೆಗೆಯುತ್ತದೆ. ಮಟ್ಟಸ ಭಾಗ ಮತ್ತು ನೆಗೆತ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ: 6 ನಿಮಿಷ 10 ಸೆಕೆಂಡಿನಲ್ಲಿ 4 ಕಿ.ಮೀ., ಗಂಟೆಗೆ ಸುಮಾರು 39 ಕಿ.ಮೀ. ಇದೂ ಸರಾಸರಿಯೇ, ನಡುವೆ ಎಲ್ಲಾದರೂ ಅರೆಗಳಿಗೆ ನಿಂತಿದ್ದರೆ ಅಥವಾ ಜೋರು ಓಡಿಸಿದ್ದರೆ ಈ ನಕ್ಷೆಯಿಂದ ಗೊತ್ತಾಗದು. ಆದರೆ ಆರು ನಿಮಿಷದ ಹರಟೆಗೂ ಆಮೇಲಿನ ಹುಚ್ಚು ಓಟಕ್ಕೂ ಇದರಲ್ಲಿ ಸಾಕ್ಷ್ಯವಿಲ್ಲ. ಆ ಹೊತ್ತಿನಲ್ಲಿ ಸಿಗ್ನಲ್ ಇತ್ತೇ ಎಂದು ಜಿಪಿಎಸ್ ದಾಖಲೆಯನ್ನೂ, ವ್ಯಾನು ನಿಂತಿತ್ತೇ ಎಂದು ಅದರಲ್ಲಿದ್ದ ಮಕ್ಕಳನ್ನೂ ಕೇಳಬೇಕು.